‘ತಲುಪಿತು’ ಎಂದ ಮೇಲೆ

ಕಳೆದ ಸೆಮಿಸ್ಟರಿನಲ್ಲಿ ವೀರಗಲ್ಲಿನ ಛಾಯಾಚಿತ್ರವೊಂದು ವಿಭಾಗದ ವಾಟ್ಸ್‌ಆ್ಯಪ್ ಬಳಗಕ್ಕೆ ಬಂದಿತು. ಮಡಕಶಿರಾ ಸೀಮೆಯ ಹೊಲವೊಂದರ ಬದುವಿನಲ್ಲಿ ನಿಂತ ಕಲ್ಲು. ಚಿತ್ರ ತೆಗೆದವನು ನಮ್ಮ ಐಚ್ಛಿಕ ಕನ್ನಡ ತರಗತಿಯ ವಿದ್ಯಾರ್ಥಿ. ಕೈಮುಗಿದ ಚಿಹ್ನೆಗಳೂ ‘ಅದ್ಭುತ’ಗಳೂ ಸಾಲಾಗಿ ಬಂದವು. ಬಸ್ಸಿನಲ್ಲಿದ್ದ ನಾನೂ ಬರೆದೆ: “ತಲುಪಿತು. ಒಳ್ಳೆಯ ವೀರಗಲ್ಲು. ನೊಳಂಬರ ಕಾಲದ್ದಿರಬೇಕು.” ಎರಡು ವಾರಗಳ ಬಳಿಕ ಆತನ ಸಂಪ್ರಬಂಧ ನನ್ನ ಮೇಜಿಗೆ ಬಂದಾಗ ಚಿತ್ರದ ಕೆಳಗೆ ‘10ನೆಯ ಶತಮಾನದ ನೊಳಂಬರ ವೀರಗಲ್ಲು’ ಎಂದಿತ್ತು. ನನ್ನ ‘ಇರಬೇಕು’ ಉದುರಿಹೋಗಿ, ನಾನು ಹೇಳದ ಶತಮಾನವೊಂದು ಸೇರಿಕೊಂಡಿತ್ತು.

ತಪ್ಪು ಆತನದಲ್ಲ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇದೇ ಸೀಮೆಯಲ್ಲಿದೆ. ನನ್ನ ಊಹೆ ಹುಟ್ಟಿದ್ದು ಆ ಭೂಪಟದಿಂದ, ಚಿತ್ರದಿಂದಲ್ಲ. ನನ್ನ ಉತ್ತರದ ಮೊದಲೆರಡು ವಾಕ್ಯಗಳಿಗೆ ಚಿತ್ರವೇ ಆಧಾರ. ಮೂರನೆಯದಕ್ಕೆ ಚಿತ್ರದಲ್ಲಿ ಯಾವ ಆಧಾರವೂ ಇರಲಿಲ್ಲ. ಸರಳ ಉತ್ತರ ನಿಲ್ಲಬೇಕಾದ ಗಡಿ ಅಲ್ಲಿಯೇ ಇತ್ತೆಂದು ನಾನೀಗ ಭಾವಿಸುತ್ತೇನೆ. ‘ನೋಡಿದೆ, ಮೂರು ಪಟ್ಟಿಕೆಗಳ ವೀರಗಲ್ಲು’ ಎನ್ನುವುದು ಗೌರವದ ಉತ್ತರ. ಅದರಲ್ಲಿ ಕೊರತೆಯೇನೂ ಇಲ್ಲ. ಕಾಲ, ಅರಸು, ಹೆಸರು ಎಂದೊಡನೆ ಚಿತ್ರದ ಯಾವ ಗುರುತಿನಿಂದ ಹಾಗೆ ಹೇಳುತ್ತೇವೆಂದು ತೋರಿಸುವ ಹೊಣೆ ಹೆಗಲೇರುತ್ತದೆ.

ಆ ಹೊಣೆಯನ್ನು ಹೊತ್ತು ನಾವಿಬ್ಬರೂ ಚಿತ್ರದ ಮುಂದೆ ಮತ್ತೆ ಕುಳಿತೆವು. ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು: ಮೊದಲು ಕಾಳಗ, ಅದರ ಮೇಲೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ನೋಟ, ತುದಿಯಲ್ಲಿ ಶಿವಸನ್ನಿಧಿ. ನಮ್ಮ ಚಿತ್ರದಲ್ಲಿ ಕೆಳಗಿನ ಪಟ್ಟಿಕೆಯ ಅರ್ಧಭಾಗ ಮಣ್ಣಿನಲ್ಲಿ ಹೂತಿತ್ತು. ಅಲ್ಲಿ ದನಗಳ ಸಾಲಿದ್ದರೆ ಅದು ತುರುಗೋಳಿನಲ್ಲಿ ಮಡಿದವನ ಕಲ್ಲಾಗಬಹುದು. ಇಲ್ಲದಿದ್ದರೆ ಬೇರೆ ಕಥೆ. ಎಂದರೆ, ವೀರ ಏಕೆ ಸತ್ತನೆಂಬ ಮೊದಲ ಪ್ರಶ್ನೆಗೇ ಚಿತ್ರ ಬಾಯಿ ಬಿಡುತ್ತಿರಲಿಲ್ಲ. ಪಟ್ಟಿಕೆಗಳ ನಡುವಣ ಅಡ್ಡಪಟ್ಟಿ, ಶಾಸನ ಇರುವುದಾದರೆ ಇರಬೇಕಾದ ಎಡೆ, ಬೋಳಾಗಿ ಕಾಣುತ್ತಿತ್ತು. ಆದರೆ ಚಿತ್ರ ನಡುಮಧ್ಯಾಹ್ನದ್ದು; ಕಲ್ಲಿನ ಮುಖದ ಮೇಲೆ ಬೆಳಕು ಒಂದೇ ಸಮನಾಗಿ ಹರಡಿತ್ತು. ಅಂಥ ಬೆಳಕಿನಲ್ಲಿ ಸವೆದ ಅಕ್ಷರಕ್ಕೆ ನೆರಳೇ ಬೀಳದು. ‘ಶಾಸನವಿಲ್ಲ’ ಎನ್ನಲು ಆ ಚಿತ್ರ ಸಾಕಾಗುವುದಿಲ್ಲ.

ಆತ ಇನ್ನೊಂದು ಸಂಜೆ ಹೋಗಿ, ಬಿಸಿಲು ಪಕ್ಕದಿಂದ ಕಲ್ಲನ್ನು ಸವರುವ ಹೊತ್ತಿಗೆ ಚಿತ್ರ ತೆಗೆದ. ಪಕ್ಕದಲ್ಲಿ ಅಳತೆಪಟ್ಟಿಯನ್ನೂ ಇಟ್ಟಿದ್ದ. ಈ ಸಲ ಅಡ್ಡಪಟ್ಟಿಯಲ್ಲಿ ಗೆರೆಗಳು ಎದ್ದುವು. ಆದರೆ ಅಕ್ಷರಗಳು ಕೊರೆದಂತಲ್ಲ, ಉಬ್ಬಿದಂತೆ ತೋರುತ್ತಿದ್ದವು. ಬೆಳಕು ಬಂದ ದಿಕ್ಕನ್ನು ಕಣ್ಣು ತಪ್ಪಾಗಿ ಎಣಿಸಿದಾಗ ಹೀಗಾಗುತ್ತದೆ. ಪಟ್ಟಿಕೆಯ ಚೌಕಟ್ಟು ಉಬ್ಬಿದ್ದೆಂದು ನಮಗೆ ಗೊತ್ತು. ಅದರ ನೆರಳು ಬಿದ್ದಿರುವುದು ಬಲಕ್ಕೆ. ಕೊರೆದ ಗೆರೆಯ ನೆರಳು ಅದಕ್ಕೆ ವಿರುದ್ಧವಾಗಿ ತನ್ನ ಎಡದಂಚಿಗೆ ಇರಬೇಕು. ನೋಡಿದರೆ ಹಾಗೆಯೇ ಇತ್ತು.

ಮುಂದಿನದು ಆತನ ಉತ್ಸಾಹವನ್ನು ತುಸು ಕುಗ್ಗಿಸಿತು. ಒಂದು ಅಕ್ಷರವನ್ನು ಆತ ‘ೞ’ ಎಂದು ಓದಿದ್ದ. ಹಳಗನ್ನಡದ ಈ ಅಕ್ಷರ ಕಾಲಕ್ರಮದಲ್ಲಿ ಬಳಕೆಯಿಂದ ಜಾರಿಹೋದುದರಿಂದ ಅದು ಸಿಕ್ಕರೆ ಕಲ್ಲು ಹಳೆಯದೆನ್ನಲು ಒಂದು ಸುಳಿವಾಗುತ್ತದೆ. ಒಂದೇ ಸುಳಿವು, ನಿರ್ಣಯವಲ್ಲ, ಏಕೆಂದರೆ ಹಳೆಯ ಬರೆಹ ರೂಢಿ ನಾಲಗೆಗಿಂತ ಹೆಚ್ಚು ಕಾಲ ಉಳಿಯುತ್ತದೆ. ಚಿತ್ರವನ್ನು ಹಿಗ್ಗಿಸಿದೆವು. ಉಳಿಯ ಗೆರೆ ಹೆಚ್ಚುಕಡಿಮೆ ಒಂದೇ ಅಗಲದಲ್ಲಿ ಸಾಗಿ ಒಂದೆಡೆ ಮುಗಿಯುತ್ತದೆ. ಈ ಗೆರೆಯಾದರೋ ಅಕ್ಷರದ ಸಾಲನ್ನು ದಾಟಿ, ಕೆಳಗಿನ ಪಟ್ಟಿಕೆಗಿಳಿದು, ವೀರನ ಭುಜದ ಮೇಲೂ ಹರಿದಿತ್ತು. ಅದು ಕಲ್ಲಿನ ಬಿರುಕು. ಬಿರುಕನ್ನು ಕಳೆದರೆ ಉಳಿಯುವುದು ‘ಳ’ವೋ ಬೇರೊಂದೋ, ಚಿತ್ರದಿಂದ ಹೇಳಲಾಗದು, ಕಾಗದದ ಪಡಿಯಚ್ಚು ತೆಗೆದೇ ನೋಡಬೇಕು.

‘ಇಷ್ಟೆಲ್ಲ ನೋಡಿಯೂ ಕಾಲ ತಿಳಿಯಲಿಲ್ಲವಲ್ಲ ಸರ್’ ಎಂದು ಆತ ಕೇಳಿದ. ತಿಳಿಯಲಿಲ್ಲ, ನಿಜ. ಆದರೆ ಮೊದಲು ಕಾಣದಿದ್ದ ಶಾಸನವೊಂದು ಆ ಕಲ್ಲಿನಲ್ಲಿದೆಯೆಂಬುದು ತಿಳಿಯಿತು; ಅದು ನನ್ನ ‘ನೊಳಂಬರ ಕಾಲ’ಕ್ಕಿಂತ ದೊಡ್ಡ ಲಾಭ. ನನ್ನ ಮಾತನ್ನು ನಂಬಿ ಆತ ಅಲ್ಲಿಗೇ ಬಿಟ್ಟಿದ್ದರೆ ಸಂಜೆ ಮತ್ತೆ ಆ ಬದುವಿಗೆ ಹೋಗುತ್ತಿರಲಿಲ್ಲ.

ತಿದ್ದಿದ ಸಂಪ್ರಬಂಧದಲ್ಲಿ ಚಿತ್ರದ ಕೆಳಗೆ ಈಗ ಹೀಗಿದೆ: ‘ವೀರಗಲ್ಲು, ಮೂರು ಪಟ್ಟಿಕೆ, ಅಡ್ಡಪಟ್ಟಿಯಲ್ಲಿ ಸವೆದ ಶಾಸನ, ಓದಿಲ್ಲ, ಕೆಳಪಟ್ಟಿಕೆ ಅರ್ಧ ಹೂತಿದೆ.’ ಹೊಲದ ಯಜಮಾನರು ಕಟಾವಾದ ಮೇಲೆ ಬುಡದ ಮಣ್ಣು ಬಿಡಿಸಲು ಒಪ್ಪಿದ್ದಾರೆ.