ಸಬ್‌ಸ್ಕ್ರೈಬ್ ಮಾಡಿ ಅಂತ ಗೋಗರೆಯುವುದು ನಿಲ್ಲಿಸಿ

ಯೂಟ್ಯೂಬಿನಲ್ಲಿ ಮಟ್ಟು ಅಂತ ಹುಡುಕಿ ನೋಡಿ. ಮಾಡಿದವರು ಬೇರೆ ಬೇರೆ, ವಿಡಿಯೋ ಮಾತ್ರ ಹೆಚ್ಚುಕಮ್ಮಿ ಒಂದೇ. ಡ್ರೋನ್ ಮೇಲೇರುತ್ತದೆ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಸಪೂರದ ರಸ್ತೆ, ಹಿಂದೆ ಯಾವುದೋ ಪಿಟೀಲು. ಕೊನೆಗೊಂದು ದನಿ: ‘ಸಬ್‌ಸ್ಕ್ರೈಬ್ ಮಾಡಿ, ಬೆಲ್ ಐಕಾನ್ ಒತ್ತೋದು ಮರೀಬೇಡಿ’. ಕಟಪಾಡಿಯ ಪಕ್ಕದ ಈ ಪುಟ್ಟ ಊರು ಇಷ್ಟು ಚಂದ ಇರುವುದು ಅದರ ತಪ್ಪಲ್ಲ. ನನ್ನ ತಕರಾರು ಆ ಕೊನೆಯ ಸಾಲಿನ ಮೇಲೆ.

ಯಾಕೆಂದರೆ, ಮಾರಾಯ್ರೆ, ಆ ವಿಡಿಯೋ ನೋಡಿದವನಿಗೆ ಮತ್ತೆ ಬರಲು ಕೆಲಸವೇ ಇಲ್ಲ. ಅವನಿಗೆ ಭಾನುವಾರ ಎಲ್ಲಿಗೆ ಹೋಗುವುದು ಅಂತ ಗೊತ್ತಾಗಬೇಕಿತ್ತು, ಗೊತ್ತಾಯಿತು. ನಾಳೆ ನೀವು ಇನ್ನೊಂದು ವಿಡಿಯೋ ಹಾಕಿದರೆ ಅದು ಅವನ ಯಾವ ಪ್ರಶ್ನೆಗೂ ಉತ್ತರವಲ್ಲ. ಸಬ್‌ಸ್ಕ್ರೈಬ್ ಒತ್ತಿದ್ದರೂ ಅಷ್ಟೇ. ಹೋಮ್ ಪೇಜಿನಲ್ಲಿ ನಾಲ್ಕು ಸಲ ನಿಮ್ಮ ವಿಡಿಯೋ ಕಾಣುತ್ತದೆ, ನಾಲ್ಕು ಸಲವೂ ಅವನು ದಾಟಿ ಹೋಗುತ್ತಾನೆ, ಆಮೇಲೆ ಕಾಣುವುದೇ ಕಡಿಮೆಯಾಗುತ್ತದೆ. ಅವನು ಅನ್‌ಸಬ್‌ಸ್ಕ್ರೈಬ್ ಮಾಡಲಿಕ್ಕೂ ಹೋಗುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಹಾಗೇ ಕೂತಿರುತ್ತಾನೆ.

ಅದೇ ಊರಿನಲ್ಲಿ ಗುಳ್ಳವೂ ಉಂಟು. ಸೋದೆ ಮಠದ ವಾದಿರಾಜರು ಬೀಜ ಕೊಟ್ಟರು ಎಂಬ ಕಥೆ ಇರುವ, 2011ರಲ್ಲಿ ಜಿಐ ಮಾನ್ಯತೆ ಪಡೆದ, ದುಂಡಗಿನ ತಿಳಿಹಸಿರು ಬದನೆ. ಮಳೆ ಮುಗಿಯುವ ಹೊತ್ತಿಗೆ ಸಸಿ, ಆಮೇಲೆ ನಾಟಿ, ಹೂವು, ಕೊಯ್ಲು. ಈ ಬೆಳೆಯನ್ನು ಹಂತ ಹಂತವಾಗಿ ತೋರಿಸುವ ವಿಡಿಯೋ ಡ್ರೋನಿನಷ್ಟು ಓಡುವುದಿಲ್ಲ, ಒಪ್ಪಿದೆ. ಆದರೆ ಸಸಿ ನೋಡಿದವನಿಗೆ ಒಂದು ಪ್ರಶ್ನೆ ಉಳಿಯುತ್ತದೆ: ಇದು ಏನಾಯಿತು? ಮತ್ತೆ ಬರುವುದಕ್ಕೆ ಬೇಕಾದ್ದು ಅಂಥ ಒಂದು ಪ್ರಶ್ನೆ.

ಲೆಕ್ಕ ಹಾಕೋಣ. ಸಂಖ್ಯೆಗಳು ನಾನು ಉದಾಹರಣೆಗೆ ಕಟ್ಟಿದವು, ಆದರೆ ಲೆಕ್ಕದ ದಾರಿ ನಿಮ್ಮ ಚಾನೆಲ್ಲಿಗೂ ಇದೇ. ಬೀಚ್ ವಿಡಿಯೋಗೆ 50,000 ವ್ಯೂಸ್, 200 ಹೊಸ ಸಬ್‌ಸ್ಕ್ರೈಬರ್ಸ್. ಗುಳ್ಳದ ಸಸಿಯ ವಿಡಿಯೋಗೆ 3,000 ವ್ಯೂಸ್, 60 ಸಬ್‌ಸ್ಕ್ರೈಬರ್ಸ್. 200 ದೊಡ್ಡದು, ಹಾಗಾಗಿ ಎಲ್ಲರೂ ಮತ್ತೊಂದು ಬೀಚ್ ಹುಡುಕಿಕೊಂಡು ಹೋಗುತ್ತಾರೆ. ಯೂಟ್ಯೂಬ್ ಸ್ಟುಡಿಯೋದ ಅಡ್ವಾನ್ಸ್ಡ್ ಮೋಡಿನಲ್ಲಿ ವಿಡಿಯೋವಾರು ಸಬ್‌ಸ್ಕ್ರೈಬರ್ ಲೆಕ್ಕ ಸಿಗುತ್ತದೆ. ಅದನ್ನು ಸಾವಿರ ವ್ಯೂಸಿಗೆ ಎಷ್ಟು ಅಂತ ಭಾಗಿಸಿ. ಬೀಚಿಗೆ 4, ಗುಳ್ಳಕ್ಕೆ 20.

ಇದು ಅರ್ಧ ಕಥೆ. ಉಳಿದರ್ಧ ಮರಳಿ ಬಂದ ವೀಕ್ಷಕರ ಸಂಖ್ಯೆಯಲ್ಲಿದೆ. ನಮ್ಮ ಚಾನೆಲ್ಲಿಗೆ 28 ದಿನಕ್ಕೆ 400 ಜನ ಮರಳಿ ಬರುತ್ತಿದ್ದರು ಎಂದುಕೊಳ್ಳಿ. ಬೀಚ್ ವಿಡಿಯೋ ಓಡಿದ ತಿಂಗಳು ಹೊಸಬರು 40,000, ಮರಳಿದವರು 450. ಶೇಕಡಾವಾರು ನೋಡಿದವನಿಗೆ ಎದೆ ಧಸಕ್ಕೆನ್ನುತ್ತದೆ: ಮರಳಿದವರು ಶೇ. 1ರ ಆಸುಪಾಸು! ಹೆದರಬೇಡಿ, ಹಳಬರು ಯಾರೂ ಓಡಿಹೋಗಿಲ್ಲ, ಹೊಸಬರ ನೆರೆಯಲ್ಲಿ ಮುಳುಗಿ ಕಾಣುತ್ತಿದ್ದಾರೆ ಅಷ್ಟೇ. ಇದರ ಉಲ್ಟಾ ಇನ್ನೂ ಅಪಾಯ. ಹೊಸಬರು ಬರುವುದೇ ನಿಂತಾಗ ಮರಳಿದವರ ಪಾಲು ಶೇ. 60ಕ್ಕೆ ಏರಿ, ‘ನಮ್ಮದು ಲಾಯಲ್ ಆಡಿಯೆನ್ಸ್’ ಅಂತ ಬೀಗುವವರಿದ್ದಾರೆ. ಅಂಗಡಿ ಖಾಲಿಯಾದಾಗಲೂ ಉಳಿದವರು ಹಳೇ ಗಿರಾಕಿಗಳೇ ಆಗಿರುತ್ತಾರಲ್ಲ. ಹಾಗಾಗಿ ಪಾಲು ಬಿಟ್ಟು ತಲೆ ಎಣಿಸಿ.

ಈಗ ಅದರ ಮುಂದಿನ 28 ದಿನ ನೋಡಿ. ಮರಳಿದವರು 430. ಅಂದರೆ 40,000 ಅತಿಥಿಗಳು ಬಂದುಹೋಗಿ ಉಳಿದದ್ದು ಸುಮಾರು 30 ಜನ. ಸಬ್‌ಸ್ಕ್ರೈಬರ್ ಬೋರ್ಡು ಮಾತ್ರ 200 ಹೆಚ್ಚು ತೋರಿಸುತ್ತಿದೆ. ಗುಳ್ಳದ ಸಸಿ ಹಾಕಿದ ಮೇಲಿನ 28 ದಿನ, ನಾಟಿಯ ವಿಡಿಯೋ ಬಂದಾಗ, ಮರಳಿದವರು 640. ಬೀಚಿನಿಂದ ಆಗದ್ದು 3,000 ವ್ಯೂಸಿನಿಂದ ಆಯಿತು. ಒಂದು ಎಚ್ಚರ ಬೇಕು: ಎರಡೂ ಅವಧಿಯಲ್ಲಿ ಹಾಕಿದ ವಿಡಿಯೋಗಳ ಸಂಖ್ಯೆ ಒಂದೇ ಇರಬೇಕು. ಏನೂ ಹಾಕದ ತಿಂಗಳಲ್ಲಿ ಬರುವವರಾದರೂ ಎಂತಕ್ಕೆ ಬರಬೇಕು?

2025ರಿಂದ ಯೂಟ್ಯೂಬ್ ಇನ್ನೊಂದು ವಿಂಗಡಣೆ ಕೊಟ್ಟಿದೆ: ನ್ಯೂ, ಕ್ಯಾಶುವಲ್, ರೆಗ್ಯುಲರ್. ಕಳೆದ ವರ್ಷದಲ್ಲಿ ಒಂದರಿಂದ ಐದು ತಿಂಗಳು ಬಂದುಹೋದವನು ಕ್ಯಾಶುವಲ್, ಅದಕ್ಕಿಂತ ಹೆಚ್ಚು ತಿಂಗಳು ಬಂದವನು ರೆಗ್ಯುಲರ್. ಕೇಳಲು ಚಂದ. ಆದರೆ ಗುಳ್ಳ ವರ್ಷವಿಡೀ ಬೆಳೆಯುವುದಿಲ್ಲ ಅಂತ ಯೂಟ್ಯೂಬಿಗೆ ಯಾರು ಹೇಳಬೇಕು? ಪ್ರತಿ ವರ್ಷ ನಾಟಿಯಿಂದ ಕೊಯ್ಲಿನ ತನಕ ಐದು ತಿಂಗಳು ಒಂದೂ ಬಿಡದೆ ನೋಡುವ ಮನುಷ್ಯನೂ ಈ ಲೆಕ್ಕದಲ್ಲಿ ಬರೀ ಕ್ಯಾಶುವಲ್. ರೆಗ್ಯುಲರ್ ಸಂಖ್ಯೆ ಕಡಿಮೆ ಅಂತ ಕೊರಗಿ, ಮಳೆಗಾಲದಲ್ಲಿ ಸಿಕ್ಕಿದ್ದೆಲ್ಲ ಹಾಕಿ ತುಂಬಿಸಬೇಡಿ. ಹೋದ ವರ್ಷದ ಇದೇ ತಿಂಗಳ ಜೊತೆ ಈ ತಿಂಗಳನ್ನು ಹೋಲಿಸಿ. ಇದೆಲ್ಲ ಅಂದಾಜಿನ ಲೆಕ್ಕ ಎನ್ನುವುದೂ ನೆನಪಿರಲಿ. ಮನೆಯ ಟಿವಿಯಲ್ಲಿ ಅಮ್ಮ, ಅಪ್ಪ, ನೆರೆಯವರು ಸೇರಿ ನೋಡಿದರೂ ಅಲ್ಲಿ ಒಂದೇ ತಲೆ.

‘ಹಾಗಾದ್ರೆ ಸಬ್‌ಸ್ಕ್ರೈಬರ್ಸ್ ಬೇಡ್ವಾ?’ ಅಂತ ಕೇಳುತ್ತೀರಿ. ಬೇಕು. ಜಾಹೀರಾತಿನ ಹಣ ಶುರುವಾಗಲು 1,000 ಸಬ್‌ಸ್ಕ್ರೈಬರ್ಸ್ ಬೇಕು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವ್ಯೂಸ್. ಆ ಗೆರೆ ನಿಜವೇ. ಆದರೆ ಸಾವಿರದ ಸಂಖ್ಯೆಯನ್ನು ಬೀಚಿನಿಂದ, ‘ನೀ ನಂದು ಮಾಡು, ನಾ ನಿಂದು ಮಾಡ್ತೇನೆ’ ವಿನಿಮಯದಿಂದ ತುಂಬಿಸಿದವರು 4,000 ಗಂಟೆಯಲ್ಲಿ ಸಿಕ್ಕಿಬೀಳುತ್ತಾರೆ. ಶಾರ್ಟ್ಸ್ ಫೀಡಿನಲ್ಲಿ ನೋಡಿದ ಹೊತ್ತು ಆ ಗಂಟೆಗಳಿಗೆ ಸೇರುವುದೂ ಇಲ್ಲ. ವೀಕ್ಷಣೆಯ ಹೊತ್ತನ್ನು ಸಬ್‌ಸ್ಕ್ರೈಬ್ ಆದವರು, ಆಗದವರು ಅಂತ ಒಡೆದು ತೋರಿಸುವ ಗ್ರಾಫ್ ಸ್ಟುಡಿಯೋದಲ್ಲೇ ಉಂಟು. ಸಬ್‌ಸ್ಕ್ರೈಬರ್ ಸಂಖ್ಯೆ ಏರುತ್ತಾ ಅವರು ನೋಡುವ ಹೊತ್ತು ಏರದಿದ್ದರೆ ನೀವು ಕೂಡಿಸಿದ್ದು ಬರೀ ಹೆಸರುಗಳನ್ನು.

ಹೊಸಬನನ್ನು ತಡೆದು ನಿಲ್ಲಿಸುವ ಜಾಗ ವಿಡಿಯೋದ ಕೊನೆ. ಎಂಡ್ ಸ್ಕ್ರೀನಿಗೆ ಸಿಗುವುದು ಕಡೆಯ 5ರಿಂದ 20 ಸೆಕೆಂಡ್. ಅದನ್ನು ಧನ್ಯವಾದಕ್ಕೆ, ಬೆಲ್ಲಿಗೆ ಸುರಿಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ‘ಧನ್ಯವಾದಗಳು’ ಕೇಳಿದ ಕ್ಷಣ ಹೆಬ್ಬೆರಳು ಎದ್ದಾಯಿತು. ಬದಲಿಗೆ ಸಸಿಯನ್ನು ಕೈಯಲ್ಲಿ ಹಿಡಿದಿರುವಾಗಲೇ, ಮಾತು ಮುಗಿಯುವ ಮೊದಲೇ, ‘ಇದನ್ನು ಗದ್ದೆಗೆ ನೆಟ್ಟ ದಿನ ಏನಾಯಿತು ಅಂತ ಇಲ್ಲಿದೆ’ ಎಂದು ನಾಟಿಯ ವಿಡಿಯೋ ತೋರಿಸಿ. ಎಂಡ್ ಸ್ಕ್ರೀನಿನಲ್ಲಿ ‘ವೀಕ್ಷಕರಿಗೆ ಸೂಕ್ತವಾದದ್ದು’ ಎಂಬ ಆಯ್ಕೆಯನ್ನು ಯೂಟ್ಯೂಬಿಗೆ ಬಿಡಬೇಡಿ, ನಿರ್ದಿಷ್ಟ ವಿಡಿಯೋವನ್ನೇ ಆರಿಸಿ. ನಾಟಿ ಇನ್ನೂ ಆಗಿಲ್ಲವಾದರೆ ಪ್ಲೇಲಿಸ್ಟ್ ಕೊಟ್ಟು, ನಾಟಿ ಯಾವ ವಾರ ಅಂತ ಬಾಯಿಬಿಟ್ಟು ಹೇಳಿ, ಆ ವಾರವೇ ಹಾಕಿ.

ಇನ್ನು ಡ್ರೋನ್ ಶಾಟ್ ಇಟ್ಟುಕೊಂಡವರು ಅದನ್ನು ಅಳಿಸಬೇಕಾಗಿಲ್ಲ. ಶಾರ್ಟ್ಸ್‌ಗೆ ಸಂಬಂಧಿತ ವಿಡಿಯೋದ ಲಿಂಕ್ ಹಾಕುವ ಸೌಲಭ್ಯ ಇದೆ, ಅಲ್ಲಿ ಗುಳ್ಳದ ಮೊದಲ ಕಂತನ್ನು ಜೋಡಿಸಿ. ಆಮೇಲೆ ಮೇಲಿನ ಲೆಕ್ಕವನ್ನೇ ಮತ್ತೊಮ್ಮೆ ಹಾಕಿ: 40,000ದಲ್ಲಿ ಈ ಸಲ ಉಳಿದವರು 30 ಜನವೋ, 130 ಜನವೋ.