ಬೇಡ ಎನ್ನುವುದಕ್ಕೂ ಒಂದು ನಮಸ್ಕಾರ

ಬೇಡದ ಮಾರಾಟದ ಕರೆಗಳಿಗೆ ಕಡಿವಾಣ ಹಾಕಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಮೊದಲ ನಿಯಮ ತಂದದ್ದು 2007ರಲ್ಲಿ. ಆಮೇಲೆ 2010ರಲ್ಲೊಂದು, 2018ರಲ್ಲಿ ಇನ್ನೊಂದು, 2025ರ ಫೆಬ್ರವರಿಯಲ್ಲಿ ಅದಕ್ಕೊಂದು ದೊಡ್ಡ ತಿದ್ದುಪಡಿ. ಇಷ್ಟೆಲ್ಲ ಆದ ಮೇಲೂ ಮಧ್ಯಾಹ್ನ ಊಟಕ್ಕೆ ಕೂತರೆ ಫೋನ್ ಹೊಡೆದುಕೊಳ್ಳುತ್ತದೆ, ‘ಸರ್, ನಿಮಗೆ ಪ್ರೀ-ಅಪ್ರೂವ್ಡ್ ಲೋನ್ ಇದೆ’ ಎಂಬ ದನಿ ಕೇಳುತ್ತದೆ. ಹಾಗಾಗಿ ಹಿಂತಿರುಗಿ ನೋಡುವಾಗ ಕಾನೂನು ಏನು ಮಾಡಿತು ಎಂದು ಕೇಳಿದರೆ ಸಾಲದು. ಫೋನ್ ಎತ್ತಿದ ನಾವು ಏನು ಹೇಳಿದೆವು, ಅದರಿಂದ ಕರೆ ನಿಂತಿತೇ ಎಂಬುದನ್ನೂ ಕೇಳಿಕೊಳ್ಳಬೇಕು.

ಮೊಬೈಲು ಬಂದ ಹೊಸದರಲ್ಲಿ ಬಂದ ಕರೆಗೂ ನಾವೇ ದುಡ್ಡು ತೆರಬೇಕಿತ್ತು. 2003ರ ಮೇ ತಿಂಗಳಿನಿಂದ ಕರೆ ಮಾಡಿದವರೇ ಖರ್ಚು ಹೊರುವ ಪದ್ಧತಿ ಬಂತು. ಅಲ್ಲಿಯವರೆಗೆ ಅಪರಿಚಿತರು ಸಾಲದ ಮಾತೆತ್ತಿದರೆ ರೇಗುವುದಕ್ಕೆ ಜೇಬಿನ ಕಾರಣವೂ ಇತ್ತು. ಜೇಬಿನ ಕಾರಣ ಹೋಯಿತು, ರೇಗುವ ಅಭ್ಯಾಸ ಮಾತ್ರ ಉಳಿದುಕೊಂಡಿತು.

2007ರ ‘ಕರೆ ಮಾಡಬೇಡಿ’ ಪಟ್ಟಿಗೆ ಹೆಸರು ಸೇರಿಸಿದರೂ ಕರೆಗಳು ನಿಲ್ಲಲಿಲ್ಲ. 2010ರ ನಿಯಮ 2011ರ ಸೆಪ್ಟೆಂಬರಿನಲ್ಲಿ ಪೂರ್ತಿಯಾಗಿ ಜಾರಿಗೆ ಬಂದಾಗ ಟೆಲಿಮಾರ್ಕೆಟಿಂಗ್ ಕಂಪನಿಗಳು ನೋಂದಾಯಿಸಿಕೊಳ್ಳಬೇಕಾಯಿತು, ಅವರ ಕರೆಗಳು 140ರಿಂದ ಶುರುವಾಗುವ ನಂಬರುಗಳಿಂದಲೇ ಬರಬೇಕಾಯಿತು. ಉದ್ದೇಶ ಒಳ್ಳೆಯದೇ: ನಂಬರ್ ನೋಡಿದ ಕೂಡಲೇ ಇದು ಮಾರಾಟದ ಕರೆ ಎಂದು ತಿಳಿಯಬೇಕು. ಆದರೆ ತಿಳಿದ ಮೇಲೆ ಜನ ಎತ್ತುವುದಿಲ್ಲ. ಎತ್ತಿಸಲೇಬೇಕಾದವರು ನೋಂದಣಿಯ ಗೊಡವೆಗೇ ಹೋಗದೆ, ಸಾಮಾನ್ಯ ಹತ್ತಂಕಿಯ ಸಿಮ್‌ ಹಾಕಿಕೊಂಡು ಕರೆ ಮಾಡತೊಡಗಿದರು. ಇಂದಿಗೂ ತೊಂದರೆಯ ಬೇರು ಅಲ್ಲೇ ಇದೆ. ಹತ್ತಂಕಿಯ ಅಪರಿಚಿತ ನಂಬರು ಪಾರ್ಸೆಲ್ ತಂದ ಹುಡುಗನದಿರಬಹುದು, ಶಾಲೆಯ ವ್ಯಾನ್ ಓಡಿಸುವವರದಿರಬಹುದು, ಊರಿನಿಂದ ಬೇರೆಯವರ ಫೋನಿನಲ್ಲಿ ಮಾತಾಡುತ್ತಿರುವ ಚಿಕ್ಕಪ್ಪನದೂ ಇರಬಹುದು. ಎತ್ತದೆ ಬಿಡುವಂತಿಲ್ಲ, ಎತ್ತಿದ ಕೂಡಲೇ ಗದರುವಂತೆಯೂ ಇಲ್ಲ.

ಈ ಇಕ್ಕಟ್ಟಿನಲ್ಲಿ ನಾವು ರೂಢಿಸಿಕೊಂಡ ಉತ್ತರಗಳನ್ನು ತೂಗಿ ನೋಡಬೇಕಾದರೆ ಆ ಕಡೆಯ ಮೇಜಿನ ಮೇಲೆ ಏನಿದೆ ಎಂದು ತಿಳಿದಿರಬೇಕು. ಕಾಲ್ ಸೆಂಟರಿನಲ್ಲಿ ಕೂತವರು ಸಾಮಾನ್ಯವಾಗಿ ನಂಬರ್ ಒತ್ತುವುದಿಲ್ಲ. ಡಯಲರ್ ಎಂಬ ಸಾಫ್ಟ್‌ವೇರ್ ಪಟ್ಟಿಯಿಂದ ಒಟ್ಟೊಟ್ಟಿಗೆ ಹಲವು ನಂಬರುಗಳಿಗೆ ಕರೆ ಹಚ್ಚುತ್ತದೆ, ಎತ್ತಿದವರನ್ನು ಬಿಡುವಾಗಿರುವ ಟೆಲಿಕಾಲರ್‌ಗೆ ಜೋಡಿಸುತ್ತದೆ. ನಾವು ‘ಹಲೋ’ ಎಂದ ಮೇಲೂ ಒಂದೆರಡು ಕ್ಷಣ ಆ ಕಡೆ ಏನೂ ಕೇಳಿಸದಿರುವುದು ಈ ಜೋಡಣೆಗೆ ಹಿಡಿಯುವ ಹೊತ್ತು. ಮಾತು ಮುಗಿದ ಮೇಲೆ, ಆ ಕರೆ ಏನಾಯಿತು ಎಂದು ಟೆಲಿಕಾಲರ್ ಒಂದು ಗುರುತು ಒತ್ತಲೇಬೇಕು. ಒತ್ತದಿದ್ದರೆ ಮುಂದಿನ ಕರೆ ಬರುವುದಿಲ್ಲ. ಬಹಳ ಕಡೆ ಬಳಕೆಯಲ್ಲಿರುವ ವಿಸಿಡಯಲ್ ಎಂಬ ಉಚಿತ ಸಾಫ್ಟ್‌ವೇರನ್ನೇ ತೆಗೆದುಕೊಂಡರೆ, ಅದರಲ್ಲಿ ಮೊದಲಿನಿಂದಲೇ ಇರುವ ಗುರುತುಗಳಲ್ಲಿ ನಮಗೆ ಸಂಬಂಧಿಸಿದವು ಮೂರು. NI ಎಂದರೆ ಆಸಕ್ತಿ ಇಲ್ಲ. CALLBK ಎಂದರೆ ಮತ್ತೆ ಕರೆ ಮಾಡಬೇಕು. ಮರುಕರೆಯ ಸೌಲಭ್ಯ ಆನ್ ಇದ್ದರೆ, ಅದನ್ನು ಒತ್ತಿದಾಗ ಯಾವ ದಿನ, ಎಷ್ಟು ಗಂಟೆಗೆ ಎಂದು ಪರದೆಯೇ ಕೇಳುತ್ತದೆ. DNC ಎಂದರೆ ಇವರಿಗೆ ಕರೆಯೇ ಬೇಡ. ಸೆಂಟರಿನವರು ಆ ವ್ಯವಸ್ಥೆಯನ್ನು ಆನ್ ಮಾಡಿಟ್ಟಿದ್ದರೆ ನಂಬರು ಅವರ ಒಳಪಟ್ಟಿಗೆ ಸೇರಿ, ಡಯಲರ್ ಅದನ್ನು ಮುಟ್ಟುವುದಿಲ್ಲ.

ಈಗ ನಮ್ಮ ಉತ್ತರಗಳಿಗೆ ಬರೋಣ. ಅತ್ಯಂತ ಸಭ್ಯವೆಂದು ನಾವು ನಂಬಿರುವ ಉತ್ತರ ‘ಸ್ವಲ್ಪ ಕೆಲಸದಲ್ಲಿದ್ದೀನಿ, ಆಮೇಲೆ ಮಾಡಿ’ ಎಂಬುದು. ನೋಯಿಸಬಾರದು ಎಂಬ ದಾಕ್ಷಿಣ್ಯದಿಂದ ಹುಟ್ಟಿದ ಮಾತು ಅದು. ಆದರೆ ಅದಕ್ಕೆ ಸಿಗುವ ಗುರುತು CALLBK. ನಾವೇ ಬಾಯಾರೆ ಕರೆದಂತಾಯಿತು. ನಾಳೆ ಅದೇ ಹೊತ್ತಿಗೆ ಫೋನ್ ಬಂದರೆ ಅವರದು ತಪ್ಪಲ್ಲ. ಎರಡನೆಯದು ಮಾತಿಲ್ಲದೆ ಕಟ್ ಮಾಡುವುದು. ಬೇಡ ಎಂದು ಯಾರೂ ಹೇಳಿಲ್ಲವಾದ್ದರಿಂದ ಅಂಥ ನಂಬರನ್ನು ಮತ್ತೆ ಸುತ್ತಿಗೆ ಹಾಕುವುದು ವಾಡಿಕೆ. ಮೂರನೆಯದು ಬೈಯುವುದು. ಬೈಸಿಕೊಂಡವರು ಯಾವ ಗುರುತು ಒತ್ತುತ್ತಾರೆ ಎಂಬುದು ಅವರ ಮನಸ್ಸಿಗೆ ಬಿಟ್ಟದ್ದು. ತಿಂಗಳ ಟಾರ್ಗೆಟ್ ತಲೆಯ ಮೇಲಿಟ್ಟುಕೊಂಡು, ಟೀಮ್ ಲೀಡರ್ ಕದ್ದು ಕೇಳುತ್ತಿರುವ ಲೈನಿನಲ್ಲಿ ಮಾತಾಡುವ ಆ ಹುಡುಗಿಯಾಗಲಿ ಹುಡುಗನಾಗಲಿ ನಮ್ಮ ನಂಬರನ್ನು ಹುಡುಕಿ ತಂದವರಲ್ಲ. ನಾಲ್ಕನೆಯದು, ಹಿಂದಿಯಲ್ಲಿ ಶುರುವಾದ ಕರೆಗೆ ‘ಕನ್ನಡದಲ್ಲಿ ಮಾತಾಡಿ’ ಎಂದು ಉತ್ತರಿಸುವುದು. ಅದು ನ್ಯಾಯವಾದ ಹಕ್ಕೇ ಸರಿ, ಆದರೆ ಕರೆ ನಿಲ್ಲಿಸುವ ಉಪಾಯವಲ್ಲ. ಕನ್ನಡ ಬಲ್ಲವರಿರುವ ಸೆಂಟರಾದರೆ ನಂಬರು ಅವರ ಕೈಗೆ ಹೋಗುತ್ತದೆ, ಮರುದಿನ ಅದೇ ಸಾಲ ಅಚ್ಚಗನ್ನಡದಲ್ಲಿ ಬರುತ್ತದೆ.

ಇವೆಲ್ಲದರ ನಡುವೆ ನಿಂತದ್ದು ಒಂದೇ: ನಮಸ್ಕಾರದಿಂದ ಶುರುವಾಗಿ ನಮಸ್ಕಾರದಿಂದಲೇ ಮುಗಿಯುವ, ಕಾರಣ ಕೊಡದ ನಿರಾಕರಣೆ. ಒಂದು ಕರೆಯನ್ನೇ ಪೂರ್ತಿ ನೋಡೋಣ.

‘ಸರ್, ನಮಸ್ತೆ. ಕ್ರೆಡಿಟ್ ಕಾರ್ಡ್ ವಿಚಾರವಾಗಿ ಮಾತಾಡ್ತಾ ಇದ್ದೀನಿ. ಎರಡು ನಿಮಿಷ ಟೈಮ್ ಇದೆಯಾ ಸರ್?’

ಇದಕ್ಕೆ ‘ಇಲ್ಲ’ ಎಂದರೆ ‘ಯಾವಾಗ ಮಾಡಲಿ?’ ಎಂಬ ಪ್ರಶ್ನೆ ಸ್ಕ್ರಿಪ್ಟಿನಲ್ಲಿ ತಯಾರಾಗಿ ಕೂತಿದೆ. ಅವರು ಕೇಳಿದ್ದು ಸಮಯ, ನಮಗೆ ಬೇಡದ್ದು ಕಾರ್ಡು. ಹಾಗಾಗಿ ಉತ್ತರ ಕಾರ್ಡಿಗೇ ಸಲ್ಲಬೇಕು.

‘ನಮಸ್ಕಾರ ಮೇಡಂ. ಕಾರ್ಡ್ ನನಗೆ ಬೇಡ.’

‘ಸರ್, ಲೈಫ್‌ಟೈಮ್ ಫ್ರೀ ಇದೆ ಸರ್. ಯಾಕೆ ಬೇಡ ಅಂತ ತಿಳಿಸಬಹುದಾ?’

ಜಾರುವುದು ಇಲ್ಲೇ. ‘ಈಗಾಗಲೇ ಒಂದಿದೆ’ ಎಂದರೆ ‘ಅದರ ಲಿಮಿಟ್ ಎಷ್ಟು ಸರ್?’ ಎಂಬ ಪ್ರಶ್ನೆ ಬರುತ್ತದೆ. ‘ರಿಟೈರ್ ಆಗಿದ್ದೀನಿ’ ಎಂದರೆ ‘ಮನೆಯಲ್ಲಿ ಬೇರೆ ಯಾರಾದರೂ?’ ಎನ್ನುತ್ತಾರೆ. ನಾವು ಕೊಡುವ ಪ್ರತಿಯೊಂದು ಕಾರಣಕ್ಕೂ ಅವರ ಹಾಳೆಯಲ್ಲಿ ಒಂದು ಮರುಮಾತು ಬರೆದಿಟ್ಟಿರುತ್ತದೆ. ಕಾರಣವೇ ಇಲ್ಲದ ‘ಬೇಡ’ಕ್ಕೆ ಮಾತ್ರ ಮರುಮಾತು ಹೊಂದಿಸುವುದು ಕಷ್ಟ.

‘ಬೇಡ ಮೇಡಂ, ಅಷ್ಟೇ. ದಯವಿಟ್ಟು ನನ್ನ ನಂಬರಿಗೆ ಡಿಎನ್‌ಸಿ ಅಂತ ಹಾಕಿಬಿಡಿ. ಫೋನ್ ಇಡ್ತಾ ಇದ್ದೀನಿ, ನಮಸ್ಕಾರ.’

ಇಷ್ಟು ಹೇಳಿ ನಿಜವಾಗಿಯೂ ಇಟ್ಟುಬಿಡಬೇಕು, ‘ಸರ್ ಒಂದು ನಿಮಿಷ’ಕ್ಕೆ ಕಾಯಬಾರದು. ಮುಗಿಸುವ ಮುನ್ನ ನಮಸ್ಕಾರ ಹೇಳಿದ್ದೇವಾದ್ದರಿಂದ ಅದು ಮುಖಕ್ಕೆ ಬಾಗಿಲು ಹಾಕಿದಂತಲ್ಲ. ಟೆಲಿಕಾಲರ್‌ಗೂ ಅನುಕೂಲವೇ: ಯಾವ ಗುರುತು ಒತ್ತಬೇಕೆಂದು ಅನುಮಾನವಿಲ್ಲ, ಹೊತ್ತೂ ಹಾಳಾಗಲಿಲ್ಲ. ‘ಡಿಎನ್‌ಸಿ’ ಎಂಬ ಮೂರಕ್ಷರ ಅವರ ಮನೆಮಾತು. ಅದನ್ನು ಕೇಳಿದರೆ ಈ ಮನುಷ್ಯನಿಗೆ ವ್ಯವಹಾರ ಗೊತ್ತಿದೆ ಎಂದು ತಿಳಿಯುತ್ತದೆ.

ಫೋನ್ ಎತ್ತಿದಾಗಿನ ಮೊದಲ ಮಾತಿನ ಬಗ್ಗೆಯೂ ಒಂದು ಸ್ವಾರಸ್ಯವಿದೆ. ಎತ್ತಿದ್ದು ಮನುಷ್ಯರೋ ಆನ್ಸರಿಂಗ್ ಮಷೀನೋ ಎಂದು ಪತ್ತೆ ಹಚ್ಚುವ ಸೌಲಭ್ಯ ಕೆಲವು ಡಯಲರ್‌ಗಳಲ್ಲಿದೆ. ವಿಸಿಡಯಲ್‌ಗೆ ತಳಹದಿಯಾದ ಆಸ್ಟೆರಿಸ್ಕ್ ಸಾಫ್ಟ್‌ವೇರಿನಲ್ಲಿ ಮೊದಲಿಗೆ ಇಟ್ಟಿರುವ ಲೆಕ್ಕ ಹೀಗಿದೆ: ಎತ್ತಿದವರ ಆರಂಭದ ಮಾತು ಚಿಕ್ಕದಾಗಿದ್ದು, ಅದರ ಹಿಂದೆಯೇ 0.8 ಸೆಕೆಂಡು ಮೌನವಿದ್ದರೆ ಮನುಷ್ಯ. ಮಾತು ನಿಲ್ಲದೆ 1.5 ಸೆಕೆಂಡು ದಾಟಿದರೆ ಮಷೀನು. ‘ಹಲೋ’ ಎಂದು ಸುಮ್ಮನಾಗುವವರು ಈ ಲೆಕ್ಕಕ್ಕೆ ಸರಿಯಾಗಿ ಸಿಕ್ಕಿಬೀಳುತ್ತಾರೆ. ‘ನಮಸ್ಕಾರ, ಹೇಳಿ, ಯಾರು ಮಾತಾಡ್ತಾ ಇರೋದು, ಏನು ವಿಷಯ’ ಎಂದು ಒಂದೇ ಉಸಿರಿಗೆ ಹೇಳುವವರನ್ನು ಅಂಥ ಡಯಲರ್ ಮಷೀನು ಎಂದುಕೊಂಡು ಕೈಬಿಡಬಹುದು. ಎತ್ತಿ ಸುಮ್ಮನಿದ್ದರೂ ಎರಡೂವರೆ ಸೆಕೆಂಡಿನ ಮೌನದ ನಂತರ ಅದೇ ತೀರ್ಮಾನಕ್ಕೆ ಬರುತ್ತದೆ. ಆದರೆ ಪಾರ್ಸೆಲ್ ಹುಡುಗನಿಗೋ ಚಿಕ್ಕಪ್ಪನಿಗೋ ಮೌನ ಗಾಬರಿ ಹುಟ್ಟಿಸುತ್ತದೆ. ಉದ್ದದ ನಮಸ್ಕಾರದಿಂದ ಯಾರಿಗೂ ನಷ್ಟವಿಲ್ಲ. ಇದನ್ನೇ ನಂಬಿ ಕೂರುವಂತಿಲ್ಲ ಎಂಬುದೂ ನಿಜ. ನಮ್ಮಲ್ಲಿ ಆನ್ಸರಿಂಗ್ ಮಷೀನು, ವಾಯ್ಸ್‌ಮೇಲ್ ಬಳಸುವವರೇ ಕಡಿಮೆಯಾದ್ದರಿಂದ ಈ ಸೌಲಭ್ಯವನ್ನು ಎಲ್ಲರೂ ಆನ್ ಮಾಡಿರುವುದಿಲ್ಲ. ಕೈಯಲ್ಲೇ ನಂಬರ್ ಒತ್ತಿ ಮಾತಾಡುವ ಬ್ರೋಕರ್‌ಗಳ ಮುಂದಂತೂ ಇದು ನಡೆಯದು. ಅವರಿಗೆ ಮೇಲೆ ಹೇಳಿದ ‘ಬೇಡ’ವೇ ಆಗಬೇಕು.

ನಮಸ್ಕಾರ ಸಲ್ಲದ ಕಡೆಗಳೂ ಇವೆ. ರೆಕಾರ್ಡ್ ಮಾಡಿದ ದನಿಗೆ ಸೌಜನ್ಯದ ಹಂಗಿಲ್ಲ, ಇಟ್ಟುಬಿಡಬಹುದು. ಓಟಿಪಿ ಕೇಳುವವರು, ನಿಮ್ಮ ಹೆಸರಿನಲ್ಲಿ ಕೇಸಾಗಿದೆ ಎಂದು ಹೆದರಿಸುವವರು ಮಾರಾಟದವರೇ ಅಲ್ಲ. ಅಲ್ಲಿ ‘ಬೇಡ’ ಎನ್ನುತ್ತ ನಿಂತಷ್ಟೂ ಅವರಿಗೇ ಲಾಭ. ಅಂಥ ಕರೆಯನ್ನು ತಕ್ಷಣ ಕಡಿದು, ಹಣ ಹೋಗಿದ್ದರೆ 1930ಕ್ಕೆ ದೂರು ಕೊಡಬೇಕು.

ಸಭ್ಯವಾಗಿ ಬೇಡ ಎಂದ ಮೇಲೂ ಅದೇ ಕಂಪನಿಯ ಕರೆ ಮತ್ತೆ ಬಂದರೆ ಏನು ಮಾಡುವುದು? ಆಗಲೂ ದನಿ ಏರಿಸುವ ಅಗತ್ಯವಿಲ್ಲ. 2025ರ ತಿದ್ದುಪಡಿ ಉಪಯೋಗಕ್ಕೆ ಬರುವುದು ಇಲ್ಲಿ. ನೋಂದಾಯಿಸದ ನಂಬರಿನಿಂದ ಬಂದ ಮಾರಾಟದ ಕರೆಯ ಮೇಲೆ ಮೊದಲು ಮೂರು ದಿನದೊಳಗೆ ದೂರಬೇಕಿತ್ತು, ಈಗ ಏಳು ದಿನ ಕಾಲಾವಕಾಶವಿದೆ. ನಾವು ‘ಕರೆ ಬೇಡ’ ಎಂಬ ಆಯ್ಕೆಯನ್ನು ಮೊದಲೇ ನೋಂದಾಯಿಸಿರಬೇಕೆಂಬ ಷರತ್ತೂ ಹೋಗಿದೆ. ಹಿಂದೆ ಒಂದು ನಂಬರಿನ ಮೇಲೆ ಏಳು ದಿನದಲ್ಲಿ ಹತ್ತು ದೂರು ಬಿದ್ದರೆ ಮಾತ್ರ ಕ್ರಮವಾಗುತ್ತಿತ್ತು. ಈಗ ಹತ್ತು ದಿನದಲ್ಲಿ ಐದು ಸಾಕು. ದೂರಿಗೆ ಬೇಕಾದದ್ದು ಕರೆ ಬಂದ ನಂಬರು, ದಿನಾಂಕ, ಏನು ಮಾರಲು ಬಂದಿದ್ದರು ಎಂಬ ಒಂದು ಸಾಲು. 1909ಕ್ಕೆ ಕರೆ ಮಾಡಿಯೋ ಎಸ್ಎಂಎಸ್ ಕಳಿಸಿಯೋ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಮೂಲಕವೋ ಕೊಡಬಹುದು. ಮಾರಾಟದ ಕರೆಗಳಿಗೆ 140 ಇರುವಂತೆ, ಸೇವೆ ಮತ್ತು ವಹಿವಾಟಿನ ಕರೆಗಳಿಗೆಂದು 2024ರಲ್ಲಿ 1600ರ ಸರಣಿಯನ್ನು ತಂದದ್ದರಿಂದ ಬ್ಯಾಂಕಿನ ನಿಜವಾದ ಕರೆಯನ್ನು ಬೇರ್ಪಡಿಸಿ ನೋಡಲು ಒಂದು ದಾರಿಯಾಗಿದೆ.

ಒಟ್ಟು ಲೆಕ್ಕದಲ್ಲಿ ನಿಯಮಗಳು ನಮಗೆ ಕೊಟ್ಟದ್ದು ಕರೆ ಮುಗಿದ ಮೇಲಿನ ಅಸ್ತ್ರಗಳನ್ನು. ಕರೆ ನಡೆಯುತ್ತಿರುವಾಗ ಹೇಳಿದ ‘ಬೇಡ’ಕ್ಕೆ ಬೆಲೆ ಬರುವುದು ಮಾತ್ರ ಈಗಲೂ ಟೆಲಿಕಾಲರ್‌ನ ಬೆರಳನ್ನೂ, ಆ ಸೆಂಟರಿನವರು ಒಳಪಟ್ಟಿ ಇಟ್ಟಿದ್ದಾರೆಯೇ ಎಂಬುದನ್ನೂ ನೆಚ್ಚಿಕೊಂಡಿದೆ. ಮುಂದಿನ ತಿದ್ದುಪಡಿ ಇದಕ್ಕೇ ಕೈ ಹಾಕಬೇಕು: ಗ್ರಾಹಕರು ಬಾಯಲ್ಲಿ ಬೇಡ ಎಂದದ್ದನ್ನು ದಾಖಲಿಸುವುದು ಕಂಪನಿಯ ಹೊಣೆಯಾಗಬೇಕು, ದಾಖಲಿಸಿದ ಮೇಲೆ ಬಂದ ಕರೆ ತಾನಾಗಿಯೇ ದೂರೆಂದು ಎಣಿಕೆಯಾಗಬೇಕು. ಅಲ್ಲಿಯವರೆಗೆ ಸ್ಪಷ್ಟವಾಗಿ ಬೇಡ ಎಂದು, ನಮಸ್ಕಾರ ಹೇಳಿ ಇಡುವವರೇ ಬೈಯುವವರಿಗಿಂತ ಬೇಗ ಊಟಕ್ಕೆ ಮರಳುತ್ತಾರೆ.