ಚಿಕೋರಿಯ ಪಾಲು ಎಷ್ಟು?

ಬಾರಾಮತಿಯಂತಹ ಊರಿನಲ್ಲಿ ಚಹವೇ ದೊರೆ. ಕಬ್ಬಿನ ಗಾಡಿಯವನಿಂದ ಕಚೇರಿಯ ಸಾಹೇಬರವರೆಗೆ ಎಲ್ಲರೂ ಚಹವನ್ನೇ ಕೇಳುತ್ತಾರೆ. ಕಾಫಿ ಕೇಳುವವರು ಬಹುಮಟ್ಟಿಗೆ ನಮ್ಮವರೇ. ಅಲ್ಪಸಂಖ್ಯೆಯ ಈ ಗಿರಾಕಿಗಳಿಗಾಗಿ ಇಡುವ ಫಿಲ್ಟರಿನ ಬಗ್ಗೆ ಎರಡು ಮಾತುಗಳು ಕಿವಿಗೆ ಬೀಳುತ್ತವೆ. “ಬಣ್ಣವಿದೆ, ದಪ್ಪವಿದೆ, ಆದರೆ ಕಾಫಿ ಎಲ್ಲಿ?” ಎಂಬುದು ಮೇಜಿನ ಮಾತು. “ಚಿಕೋರಿಯಿಲ್ಲದೆ ಹೋಟೆಲು ನಡೆಯುವುದುಂಟೆ?” ಎಂಬುದು ಗಲ್ಲಾದ ಮಾತು. ಇವೆರಡರ ನಡುವೆ ಸಿಕ್ಕಿಕೊಳ್ಳುವವನು ಮಾತ್ರ ಒಳಗೆ ಡಿಕಾಕ್ಷನ್ ಇಳಿಸುವ ನಮ್ಮ ಹುಡುಗ. ಪುಡಿಯನ್ನು ಕೊಂಡವನು ಅವನಲ್ಲ. ಬೈಗುಳ ಮಾತ್ರ ಅವನ ಪಾಲಿನದು. ಆದ್ದರಿಂದ ಈ ವಿಷಯವನ್ನು ಒಮ್ಮೆ ಲೆಕ್ಕವಿಟ್ಟು ನೋಡುವುದು ಒಳಿತೆಂದು ನನಗೆ ತೋರುತ್ತದೆ.

ಚಿಕೋರಿಯೆಂಬುದು ನೀಲಿ ಹೂ ಬಿಡುವ ಒಂದು ಗಿಡದ ಬೇರು. ನಮ್ಮ ದೇಶದಲ್ಲಿ ಗುಜರಾತಿನ ಜಾಮನಗರದ ಕಡೆಯಲ್ಲಿಯೂ ಉತ್ತರ ಪ್ರದೇಶದ ಏಟಾ ಮುಂತಾದ ಕಡೆಗಳಲ್ಲಿಯೂ ಅದನ್ನು ಬೆಳೆಯುತ್ತಾರೆ. ಬೇರನ್ನು ಕತ್ತರಿಸಿ, ಒಣಗಿಸಿ, ಕಾಫಿ ಬೀಜದಂತೆಯೇ ಹುರಿದು ಪುಡಿ ಮಾಡುತ್ತಾರೆ. ಬೇರಿನೊಳಗೆ ಇನ್ಯುಲಿನ್ ಎಂಬ, ಸಕ್ಕರೆಯ ಕುಲಕ್ಕೇ ಸೇರಿದ ಪದಾರ್ಥವು ಹೇರಳವಾಗಿರುತ್ತದೆ. ಹುರಿಯುವಾಗ ಅದು ಒಡೆದು, ಕಂದಿ, ಕಾಸಿದ ಬೆಲ್ಲದಂತಹ ಬಣ್ಣವನ್ನೂ ಕಹಿ ಬೆರೆತ ಸಿಹಿಯನ್ನೂ ಕೊಡುತ್ತದೆ. ಕಾಫಿಯ ಪರಿಮಳವಾಗಲಿ, ನಿದ್ದೆಯನ್ನು ಓಡಿಸುವ ಕೆಫೀನ್ ಆಗಲಿ ಅದರಲ್ಲಿ ಎಳ್ಳಷ್ಟೂ ಇಲ್ಲ. 1806ರಲ್ಲಿ ನೆಪೋಲಿಯನ್ನನು ಇಂಗ್ಲೆಂಡಿನ ವ್ಯಾಪಾರಕ್ಕೆ ತಡೆ ಹಾಕಿದಾಗ ಫ್ರೆಂಚರು ಕಾಫಿ ದೊರೆಯದೆ ಈ ಬೇರಿಗೆ ಮೊರೆ ಹೋದರು; ತಡೆ ಹೋದ ಮೇಲೂ ರುಚಿ ಉಳಿಯಿತು. ನಮ್ಮಲ್ಲಿಯೂ ಅದು ಕಾಫಿಗಿಂತ ಅಗ್ಗವೆಂದೇ ಹೊಕ್ಕಿತು, ನಾಲಿಗೆಗೆ ಒಗ್ಗಿತೆಂದು ನಿಂತಿತು.

ಹಾಗಾದರೆ ಅದು ಕಲಬೆರಕೆಯೇ? ಹೇಳಿ ಹಾಕಿದರೆ ಅಲ್ಲವೆಂದೇ ನನ್ನ ಅಭಿಪ್ರಾಯ. ನಾವು ಕುಡಿಯುವುದು ಬರಿಯ ಕಷಾಯವನ್ನಲ್ಲ, ಹಾಲು ಸಕ್ಕರೆ ಬೆರೆತ ಕಾಫಿಯನ್ನು. ದಪ್ಪ ಎಮ್ಮೆ ಹಾಲಿನಲ್ಲಿ ಬರಿಯ ಅರೇಬಿಕದ ತಿಳಿಯಾದ ಡಿಕಾಕ್ಷನ್ ಮುಳುಗಿಹೋಗುವುದುಂಟು. ನೂರಕ್ಕೆ ಇಪ್ಪತ್ತು ಪಾಲು ಚಿಕೋರಿ ಬೆರೆತಾಗ ಹಾಲನ್ನು ದಾಟಿ ಬರುವ ಮೈಯೊಂದು ಅದಕ್ಕೆ ದೊರೆಯುತ್ತದೆ. ಕಾಫಿಯ ಹುಳಿ ಕೊಂಚ ತಗ್ಗುತ್ತದೆ. ಬೇಡವೆನ್ನುವವರು ಬಿಡಲಿ, ಆದರೆ ಬೇಕೆನ್ನುವವರನ್ನು ರುಚಿಗೇಡಿಗಳೆನ್ನುವುದು ಅನ್ಯಾಯ.

ತೊಂದರೆ ಇರುವುದು ಪ್ರಮಾಣದಲ್ಲಿ. ಹುರಿದ ಕಾಫಿ ಪುಡಿಯಲ್ಲಿ ಬಿಸಿನೀರಿಗೆ ಬಿಟ್ಟುಕೊಡುವ ಅಂಶವು ಸುಮಾರಾಗಿ ನಾಲ್ಕರಲ್ಲೊಂದು ಪಾಲು. ಹುರಿದ ಚಿಕೋರಿಯಲ್ಲಿಯಾದರೋ ಮೂರರಲ್ಲೆರಡು ಪಾಲಿನಷ್ಟು. ಈಗ 70 ಪಾಲು ಕಾಫಿ, 30 ಪಾಲು ಚಿಕೋರಿಯ ನೂರು ಗ್ರಾಂ ಪುಡಿಯನ್ನು ತೆಗೆದುಕೊಳ್ಳಿರಿ. ಕಾಫಿಯಿಂದ ಇಳಿಯುವುದು ಹದಿನೇಳು ಹದಿನೆಂಟು ಗ್ರಾಂ, ಚಿಕೋರಿಯಿಂದ ಇಪ್ಪತ್ತರಷ್ಟು. ಅಂದರೆ ಮೂವತ್ತು ಪಾಲೆಂದು ಬರೆದ ಚಿಕೋರಿಯು ಲೋಟದೊಳಗೆ ಅರ್ಧಕ್ಕಿಂತ ಹೆಚ್ಚಾಗಿ ಕುಳಿತಿರುತ್ತದೆ! ಬಣ್ಣವನ್ನೂ ದಪ್ಪವನ್ನೂ ನೋಡಿ ‘ಸ್ಟ್ರಾಂಗ್ ಕಾಫಿ’ ಎಂದು ಮೆಚ್ಚುವವರು ಮೆಚ್ಚುತ್ತಿರುವುದು ಬಹುಮಟ್ಟಿಗೆ ಆ ಬೇರನ್ನೇ.

ಇದರಿಂದ ಇನ್ನೊಂದು ಪರಿಣಾಮವುಂಟು. 70–30ರ ಪುಡಿಯನ್ನು ಲೋಟಕ್ಕೆ ಹತ್ತು ಗ್ರಾಮಿನಂತೆ ಹಾಕುವ ಹೋಟೆಲಿನಲ್ಲಿ ಗಿರಾಕಿಗೆ ಏಳು ಗ್ರಾಂ ಕಾಫಿ ಸಲ್ಲುತ್ತದೆ. ಒಂದು ದಿನ ಅಲ್ಲಿಗೆ 53–47ರ ಪೊಟ್ಟಣ ಬಂದಿತೆನ್ನಿ. ಡಿಕಾಕ್ಷನ್ ಮೊದಲಿಗಿಂತ ಕಪ್ಪಗೆ ಇಳಿಯುತ್ತದೆ. “ಇಷ್ಟು ಬಣ್ಣ ಏಕೆ, ಪುಡಿ ಕಡಿಮೆ ಮಾಡು” ಎಂದು ಅಪ್ಪಣೆಯಾಗುತ್ತದೆ. ಹತ್ತು ಗ್ರಾಂ ಎಂಟಾಗುತ್ತದೆ. ಎಂಟು ಗ್ರಾಮಿನಲ್ಲಿ ಕಾಫಿ ನಾಲ್ಕೂ ಕಾಲು ಗ್ರಾಂ ಮಾತ್ರ. ಬಣ್ಣ ಅದೇ, ಬೆಲೆ ಅದೇ. ಮಧ್ಯಾಹ್ನದ ಲೆಕ್ಕಪತ್ರಗಳ ಮುಂದೆ ತೂಕಡಿಸುವ ಗುಮಾಸ್ತರು “ಈ ಕಾಫಿ ಏಕೋ ಹತ್ತುವುದಿಲ್ಲ” ಎಂದರೆ ಅದು ಕೊಂಕು ಮಾತಲ್ಲ, ಸತ್ಯವಾದ ದೂರು. ಬಣ್ಣ ನೋಡಿ ಪುಡಿ ಅಳೆಯುವ ಈ ಪದ್ಧತಿಯನ್ನು ಮೊದಲು ಬಿಡಬೇಕು. ಪುಡಿಯನ್ನು ತೂಗಿ ಹಾಕಬೇಕು. ಪೊಟ್ಟಣದ ಮೇಲಿನ ಕಾಫಿಯ ಪಾಲು ಇಳಿದಷ್ಟೂ ತೂಕ ಏರಬೇಕೇ ಹೊರತು ಇಳಿಯಬಾರದು.

ಆ ಪಾಲನ್ನು ಪೊಟ್ಟಣದ ಮೇಲೆ ಬರೆಯುವುದು ಮಾರುವವನ ಉಪಕಾರವಲ್ಲ, ಕಾಯಿದೆಯ ಕಟ್ಟಳೆ. ಮೊದಲು 1954ರ ಆಹಾರ ಕಲಬೆರಕೆ ತಡೆ ಕಾಯಿದೆಯಿತ್ತು. ಈಗ ಅದರ ಸ್ಥಳದಲ್ಲಿ 2006ರ ಆಹಾರ ಸುರಕ್ಷತೆಯ ಕಾಯಿದೆ ಇದೆ. ಬೆರಕೆಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆಯಿರಕೂಡದು. ಕಾಫಿ ಎಷ್ಟು, ಚಿಕೋರಿ ಎಷ್ಟೆಂದು ಅಚ್ಚು ಹಾಕಿರಲೇಬೇಕು. ಕಾಯಿದೆಯು 49 ಪಾಲಿನವರೆಗೆ ಬಿಟ್ಟಿದೆಯೆಂದು ಅಲ್ಲಿಯವರೆಗೆ ಹೋಗಲೇಬೇಕೆಂದಿಲ್ಲ. ಮೂವತ್ತನ್ನು ದಾಟಿದರೆ ಹೋಟೆಲಿನ ಫಲಕದಲ್ಲಿ ‘ಫಿಲ್ಟರ್ ಕಾಫಿ’ ಎಂದಷ್ಟೇ ಬರೆಯುವುದು ಮರ್ಯಾದೆಯಲ್ಲವೆಂದು ನಾನು ಹೇಳುತ್ತೇನೆ. ಧಣಿಗಳು ಮುನಿದರೆ ಮುನಿಯಲಿ.

ಬಿಡಿಯಾಗಿ ಬರುವ ಪುಡಿಯನ್ನು ಪರೀಕ್ಷಿಸುವುದು ಹೇಗೆ? ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ನೀರು ನಿಂತ ಮೇಲೆ ಅರ್ಧ ಚಮಚ ಪುಡಿಯನ್ನು ಮೇಲೆ ಉದುರಿಸಿರಿ, ಕಲಕಬೇಡಿರಿ. ಕಾಫಿಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅದು ಬಹಳ ಹೊತ್ತು ತೇಲುತ್ತದೆ. ಚಿಕೋರಿ ನೀರನ್ನು ಹೀರಿ ಕೆಲವೇ ಕ್ಷಣಗಳಲ್ಲಿ ಮುಳುಗುತ್ತದೆ. ಮುಳುಗುವಾಗ ಕಂದು ನೂಲಿನಂತಹ ಗೆರೆಗಳನ್ನು ಎಳೆದುಕೊಂಡು ಹೋಗುತ್ತದೆ. ತಳದಲ್ಲಿ ನಿಂತ ಕಣಗಳನ್ನು ಬೆರಳ ನಡುವೆ ಒತ್ತಿ ನೋಡಿರಿ. ಚಿಕೋರಿ ಮೆತ್ತಗಾಗಿರುತ್ತದೆ, ಕಾಫಿಯ ಕಣ ಗಟ್ಟಿಯಾಗಿಯೇ ಉಳಿಯುತ್ತದೆ.

ಈ ಪರೀಕ್ಷೆಗೂ ಮಿತಿಯುಂಟು. ಚಿಕೋರಿ ಇದೆಯೆಂದು ಅದು ತೋರಿಸುತ್ತದೆ, ಎಷ್ಟಿದೆಯೆಂದು ಹೇಳುವುದಿಲ್ಲ. ಬಹಳ ನುಣ್ಣಗೆ ಬೀಸಿದ ಕಾಫಿಯೂ ಕೆಲಮಟ್ಟಿಗೆ ಮುಳುಗೀತು. ನೀರಿನಲ್ಲಿ ಪೂರಾ ಕರಗುವ ದಿಢೀರ್ ಕಾಫಿಗೆ ಈ ಪರೀಕ್ಷೆ ಸಲ್ಲದು. ಪ್ರಮಾಣವನ್ನು ಅಂದಾಜು ಮಾಡಬೇಕಾದರೆ ಶುದ್ಧ ಕಾಫಿ ಪುಡಿ, ಶುದ್ಧ ಚಿಕೋರಿ ಎರಡನ್ನೂ ಬೇರೆ ಬೇರೆಯಾಗಿ ಸ್ವಲ್ಪ ತರಿಸಿ, ನೀವೇ 80–20, 60–40ರಂತೆ ತೂಗಿ ಬೆರಸಿ, ಸಂಶಯದ ಪುಡಿಯ ಪಕ್ಕದಲ್ಲಿಯೇ ಮೂರು ಲೋಟಗಳಲ್ಲಿ ನೋಡಬೇಕು. ಯಾವುದರ ಗೆರೆಗೆ ಇದರ ಗೆರೆ ಹೋಲುತ್ತದೆಂಬುದು ಕಣ್ಣಿಗೇ ತಿಳಿಯುತ್ತದೆ. ಇನ್ನೂ ಖಚಿತವಾಗಿ ಬೇಕಾದರೆ ಪ್ರಯೋಗಶಾಲೆಯವರು ಕೆಫೀನನ್ನು ಅಳೆಯಬೇಕು.

ಲೋಟದ ಪರೀಕ್ಷೆಗೆ ಬಿಡುವಿಲ್ಲದ ಮುಂಜಾನೆಯಲ್ಲಿ ಫಿಲ್ಟರೇ ಸಾಕ್ಷಿ ನುಡಿಯುತ್ತದೆ. ಎಂದಿನಂತೆ ಪುಡಿ ಹಾಕಿ, ಎಂದಿನಂತೆ ಒತ್ತಿದರೂ ಹನಿ ಇಳಿಯದೆ ಮೇಲೆ ನೀರು ನಿಂತರೆ, ಮುದ್ದೆ ಅಂಟಂಟಾಗಿ ತಳಕ್ಕೆ ಹಿಡಿದಿದ್ದರೆ, ಚಿಕೋರಿಯ ಪಾಲು ಏರಿರಬಹುದು. ಪುಡಿ ತೀರ ನುಣ್ಣಗಾಗಿದ್ದರೂ ಹೀಗಾಗುವುದುಂಟು. ಎರಡನೆಯ ನೀರು ಹೊಯ್ದಾಗ ಬಣ್ಣ ಥಟ್ಟನೆ ಸತ್ತುಹೋಗುವುದೂ ಅದೇ ಸೂಚನೆ, ಏಕೆಂದರೆ ಚಿಕೋರಿಯು ತನ್ನದೆಲ್ಲವನ್ನೂ ಮೊದಲ ನೀರಿಗೇ ಕೊಟ್ಟುಬಿಡುತ್ತದೆ. ಮಳೆಗಾಲದಲ್ಲಿ ಇಂತಹ ಪುಡಿ ತೇವ ಹೀರಿ ಡಬ್ಬಿಯಲ್ಲಿಯೇ ಗಂಟು ಕಟ್ಟುತ್ತದೆ. ಹೊಸ ಪೊಟ್ಟಣ ಒಡೆದ ದಿನ ಅದರ ಮೇಲಿನ ಪಾಲನ್ನೂ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಡಿರಿ. ಮೇಜಿನಿಂದ ದೂರು ಬಂದಾಗ ಒಳಗಿನ ಹುಡುಗನು ಆ ಚೀಟಿಯನ್ನು ಗಲ್ಲಾಕ್ಕೆ ತೋರಿಸಬಹುದು.